ಬುದ್ಧನ ಮಾತನ್ನು ಗೋಡೆಗೆ ಬರೆಸುವ ಮುನ್ನ

ನಮ್ಮ ಬಡಾವಣೆಯ ವಾಚನಾಲಯಕ್ಕೆ ಸುಣ್ಣ ಬಳಿದು ಮುಗಿದ ದಿನ ಕಾರ್ಯದರ್ಶಿಗಳು ಒಂದು ಚೀಟಿ ತಂದು ಕೊಟ್ಟರು. ಗೋಡೆಗೆ ಬರೆಸಬೇಕು, ಕಾಗುಣಿತ ನೋಡಿಕೊಡಿ ಎಂದರು. ಚೀಟಿಯಲ್ಲಿದ್ದದ್ದು ಇದು: "ಯಾರೇ ಹೇಳಿರಲಿ, ಎಲ್ಲೇ ಓದಿರಲಿ, ನಾನೇ ಹೇಳಿದ್ದರೂ ಸರಿ, ನಿನ್ನ ತರ್ಕಕ್ಕೂ ಸಾಮಾನ್ಯ ಜ್ಞಾನಕ್ಕೂ ಒಪ್ಪದಿದ್ದರೆ ಏನನ್ನೂ ನಂಬಬೇಡ. – ಬುದ್ಧ."

ಕಾಗುಣಿತ ಸರಿಯಾಗಿತ್ತು. ಬುದ್ಧ ಮಾತ್ರ ಹಾಗೆ ಹೇಳಿರಲಿಲ್ಲ. ಇದೇ ಮಾತನ್ನು ಭಾಷಣಗಳಲ್ಲಿ, ಕ್ಯಾಲೆಂಡರಿನಲ್ಲಿ, ಮೊಬೈಲಿನ ಶುಭೋದಯದ ಚಿತ್ರಗಳಲ್ಲಿ ಕಂಡು ಸಾಕಾಗಿದ್ದರಿಂದ, ಮೂಲದೊಂದಿಗೆ ಇದನ್ನು ತಾಳೆ ನೋಡುವುದು ಹೇಗೆಂದು ಕಾರ್ಯದರ್ಶಿಗಳಿಗೆ ಹೇಳಿಕೊಟ್ಟೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವಿಳಾಸ ಕೇಳಿ

ಈ ಮಾತಿನ ಮೂಲದ ವಿಳಾಸ, ಬುದ್ಧನ ಉಪದೇಶಗಳ ಪಾಲಿ ಸಂಗ್ರಹಗಳಲ್ಲೊಂದಾದ ಅಂಗುತ್ತರ ನಿಕಾಯ, ಮೂರರ ವಿಭಾಗ, 65ನೆಯ ಸುತ್ತ. ಸುತ್ತ ಎಂದರೆ ಉಪದೇಶ. ಕೆಲವು ಮುದ್ರಣಗಳಲ್ಲಿ ಅದೇ 66 ಆಗಿರುತ್ತದೆ, ಗಾಬರಿ ಬೇಡ. ಕೇಸಮುತ್ತಿ ಸುತ್ತ ಎಂಬುದು ಹೆಸರು, ಕಾಲಾಮ ಸುತ್ತ ಎಂದು ಪ್ರಸಿದ್ಧಿ. suttacentral.net ತಾಣದಲ್ಲಿ AN 3.65 ಎಂದು ಹುಡುಕಿದರೆ ಸಿಗುತ್ತದೆ. tipitaka.org ತಾಣದಲ್ಲಿ ಪಾಲಿ ಮೂಲವನ್ನು ಕನ್ನಡ ಲಿಪಿಯಲ್ಲಿಯೇ ಓದಬಹುದು. ನುಡಿಮುತ್ತುಗಳ ಸಂಗ್ರಹ ಎಂದು ಮಾರುವ ಪುಸ್ತಕಗಳಲ್ಲಿ ಮಾತ್ರ ಹುಡುಕಬೇಡಿ. ಕೆಳಗೆ "ಬುದ್ಧ" ಎಂದಷ್ಟೇ ಇದ್ದು ಗ್ರಂಥದ ಹೆಸರಾಗಲಿ ಸಂಖ್ಯೆಯಾಗಲಿ ಇಲ್ಲದ ಪುಸ್ತಕವನ್ನು ನಾನು ಕೊಳ್ಳುವುದಿಲ್ಲ. ನೀವೂ ಕೊಳ್ಳಬೇಡಿ.

ಕೇಳಿದವರು ಯಾರು ಎಂದು ನೋಡಿ

ಕೋಸಲ ದೇಶದ ಕೇಸಪುತ್ತ ಎಂಬ ಊರಿನ ಕಾಲಾಮರು ಬುದ್ಧನ ಶಿಷ್ಯರಲ್ಲ. ಅವರ ಊರಿಗೆ ಒಬ್ಬರಾದ ಮೇಲೊಬ್ಬರು ಗುರುಗಳು ಬರುತ್ತಿದ್ದರು. ಬಂದವರೆಲ್ಲ ತಮ್ಮ ಮತವನ್ನು ಹೊಗಳಿ, ಉಳಿದವರದನ್ನು ಹಳಿದು ಹೋಗುತ್ತಿದ್ದರು. ಇವರಲ್ಲಿ ನಿಜ ಹೇಳುವವರು ಯಾರು, ಸುಳ್ಳು ಹೇಳುವವರು ಯಾರು ಎಂದು ಕಾಲಾಮರು ಕೇಳಿದರು. ಸಂಶಯ ಪಡಬೇಕಾದ ಕಡೆಯೇ ನಿಮಗೆ ಸಂಶಯ ಬಂದಿದೆ, ಅದು ಯುಕ್ತವೇ ಎಂದು ಬುದ್ಧ ಉತ್ತರ ಆರಂಭಿಸುತ್ತಾನೆ. ದಾರಿ ಆರಿಸಿಕೊಳ್ಳದೆ ಕವಲಿನಲ್ಲಿ ನಿಂತವರಿಗೆ ಹೇಳಿದ ಮಾತಿದು.

ಹತ್ತನ್ನೂ ಎಣಿಸಿ

ಎಲ್ಲರೂ ಎಡವುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ಹೋಗೋಣ. ಪಾಲಿ ಮೂಲವನ್ನು ಒಮ್ಮೆ ಗಟ್ಟಿಯಾಗಿ ಓದಿ. ಕನ್ನಡಿಗರಿಗೆ ಅರ್ಧಕ್ಕರ್ಧ ಪದಗಳು ತಾವಾಗಿಯೇ ತಿಳಿಯುತ್ತವೆ.

"ಏಥ ತುಮ್ಹೇ ಕಾಲಾಮಾ, ಮಾ ಅನುಸ್ಸವೇನ, ಮಾ ಪರಂಪರಾಯ, ಮಾ ಇತಿಕಿರಾಯ, ಮಾ ಪಿಟಕಸಂಪದಾನೇನ, ಮಾ ತಕ್ಕಹೇತು, ಮಾ ನಯಹೇತು, ಮಾ ಆಕಾರಪರಿವಿತಕ್ಕೇನ, ಮಾ ದಿಟ್ಠಿನಿಜ್ಝಾನಕ್ಖಂತಿಯಾ, ಮಾ ಭಬ್ಬರೂಪತಾಯ, ಮಾ ಸಮಣೋ ನೋ ಗರೂತಿ."

ಈ ವಾಕ್ಯದಲ್ಲಿ "ನಂಬು" ಎಂಬ ಕ್ರಿಯಾಪದವೇ ಇಲ್ಲ. "ಮಾ" ಎಂದರೆ ಬೇಡ. "ಅನುಸ್ಸವೇನ" ಎಂಬುದು ನಮ್ಮ ತೃತೀಯಾ ವಿಭಕ್ತಿಯಂತೆಯೇ ಇದೆ: ಕೇಳಿಬಂದದ್ದರಿಂದ. "ಕೇಳಿಬಂದದ್ದರಿಂದ ಬೇಡ, ಪರಂಪರೆಯಿಂದ ಬೇಡ" ಎಂದು ಪಟ್ಟಿ ಸಾಗುತ್ತದೆ. ಅಂದರೆ ಅದೊಂದೇ ಕಾರಣ ಹಿಡಿದು ತೀರ್ಮಾನಕ್ಕೆ ಬರಬೇಡಿ ಎಂದಾಯಿತು. ಪರಂಪರೆಯನ್ನು ನಂಬಬೇಡಿ ಎಂದರೆ ಬೇರೆ, ಪರಂಪರೆ ಎಂಬ ಕಾರಣವೊಂದೇ ಸಾಲದು ಎಂದರೆ ಬೇರೆ. ಅಜ್ಜಿ ಹೇಳಿದ್ದೆಲ್ಲ ಸುಳ್ಳು ಎಂದು ಹೊರಟವರು ಈ ಒಂದು ವಿಭಕ್ತಿ ಪ್ರತ್ಯಯವನ್ನು ನುಂಗಿಹಾಕಿರುತ್ತಾರೆ.

ಮೊದಲ ನಾಲ್ಕು ಸುಲಭ. ಕಿವಿಯಿಂದ ಕಿವಿಗೆ ಬಂದದ್ದು, ಪರಂಪರೆ, "ಇತಿಕಿರಾ", ಗ್ರಂಥದ ಆಧಾರ. "ಇತಿಕಿರಾ"ಗೆ ಇಂಗ್ಲಿಷಿನವರು ಎರಡು ಮೂರು ಪದ ಜೋಡಿಸಿ ಒದ್ದಾಡುತ್ತಾರೆ. ನಮ್ಮಲ್ಲಿ ಅದಕ್ಕೆ ಹೇಳಿ ಮಾಡಿಸಿದ ಪದವಿದೆ: ಅಂತೆಕಂತೆ. ಕೊನೆಯ ಎರಡೂ ಕಷ್ಟವಲ್ಲ. ಹೇಳುವವನು ಯೋಗ್ಯನಾಗಿ ಕಾಣುತ್ತಾನೆ ಎಂಬುದು ಒಂದು, ಈ ಶ್ರಮಣ ನಮ್ಮ ಗುರು ಎಂಬುದು ಇನ್ನೊಂದು. "ನಾನೇ ಹೇಳಿದ್ದರೂ ಸರಿ" ಎಂಬ ಮಾತು ಬಹುಶಃ ಈ ಹತ್ತನೆಯದನ್ನು ಹಿಗ್ಗಿಸಿ ಮಾಡಿದ್ದು. ಬುದ್ಧನ ಬಾಯಲ್ಲಿ ಆ ವಾಕ್ಯ ಇಲ್ಲಿಲ್ಲ.

ಈಗ ಮಧ್ಯದ ನಾಲ್ಕಕ್ಕೆ ಬನ್ನಿ. ತಕ್ಕ ಎಂದರೆ ತರ್ಕ. ನಯ ಎಂದರೆ ಒಂದರಿಂದ ಇನ್ನೊಂದನ್ನು ಊಹಿಸುವುದು. ಆಕಾರಪರಿವಿತಕ್ಕ ಎಂದರೆ ಲಕ್ಷಣಗಳನ್ನು ಕುರಿತು ಯೋಚಿಸಿ ಹೀಗಿರಬೇಕು ಎನ್ನುವುದು. ದಿಟ್ಠಿನಿಜ್ಝಾನಕ್ಖಂತಿ ಎಂಬ ಉದ್ದನೆಯದನ್ನು ಬಿಡಿಸಿದರೆ ದೃಷ್ಟಿ, ನಿಧ್ಯಾನ, ಕ್ಷಾಂತಿ ಎಂದಾಗುತ್ತದೆ. ಒಂದು ಅಭಿಪ್ರಾಯವನ್ನು ಮನಸ್ಸಿನಲ್ಲಿ ತಿರುವಿ ತಿರುವಿ ನೋಡಿ, ಅದು ಹಿತವೆನಿಸಿದ್ದರಿಂದ ಒಪ್ಪಿಕೊಳ್ಳುವುದು ಎಂದು ಅರ್ಥ.

ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ. "ನಿನ್ನ ತರ್ಕಕ್ಕೂ ಸಾಮಾನ್ಯ ಜ್ಞಾನಕ್ಕೂ ಒಪ್ಪದಿದ್ದರೆ" ಎನ್ನುತ್ತದೆ ಅದು. ಬುದ್ಧ ಸಾಲದು ಎಂದ ಪಟ್ಟಿಯಲ್ಲಿ ಐದನೆಯದೇ ತರ್ಕ! ಪಟ್ಟಿಯಿಂದ ತೆಗೆದು ಅದನ್ನೇ ನ್ಯಾಯಾಧೀಶರ ಕುರ್ಚಿಯಲ್ಲಿ ಕೂರಿಸಿದ್ದಾರೆ. ತಪ್ಪು ಉಲ್ಲೇಖವನ್ನು ಗುರುತಿಸಲು ನಾನು ಬಳಸುವ ಒರೆಗಲ್ಲು ಇದೊಂದೇ. ಪರಂಪರೆ, ಗ್ರಂಥ, ಗುರು ಇವಿಷ್ಟೇ ಇದ್ದು ತರ್ಕ ಮಾಯವಾಗಿದ್ದರೆ ಯಾರೋ ಕತ್ತರಿ ಆಡಿಸಿದ್ದಾರೆ ಎಂದೇ ತಿಳಿಯಿರಿ. ಹಾಗೆ ಕತ್ತರಿಸಿದ್ದನ್ನು ನಾವು ಹರಡುವುದಾದರೂ ಹೇಗೆ? ಅಂತೆಕಂತೆಯಿಂದ.

ಪಟ್ಟಿಯ ನಂತರದ ವಾಕ್ಯವನ್ನು ಬಿಡಬೇಡಿ

ಮುಖ್ಯವಾದದ್ದು ಇರುವುದು ಅಲ್ಲಿ. "ಇವು ಅಕುಶಲ, ಇವು ದೋಷವುಳ್ಳವು, ಇವು ವಿಜ್ಞರು ನಿಂದಿಸುವಂಥವು, ಇವನ್ನು ಪೂರ್ತಿಯಾಗಿ ಕೈಗೊಂಡು ನಡೆದರೆ ಅಹಿತಕ್ಕೂ ದುಃಖಕ್ಕೂ ಒಯ್ಯುತ್ತವೆ ಎಂದು ನೀವಾಗಿಯೇ ತಿಳಿದಾಗ ಅವನ್ನು ಬಿಡಿ." ಇದಕ್ಕೆ ಎದುರಾದವು ಹಿತಕ್ಕೆ ಒಯ್ಯುತ್ತವೆ ಎಂದು ತಿಳಿದಾಗ ಅವನ್ನು ಕೈಗೊಂಡು ಬಾಳಿ. ನಂಬಿಕೆಯ ಮಾತು ಇಲ್ಲೂ ಇಲ್ಲ, ಬಿಡುವುದು ಮತ್ತು ಬಾಳುವುದು ಇವೆ. ಸ್ವಂತ ತಿಳಿವಿನ ಜೊತೆಯಲ್ಲೇ ವಿಜ್ಞರನ್ನೂ ಇಟ್ಟಿದ್ದಾನೆ ಎಂಬುದನ್ನು ಗಮನಿಸಿ. ನನಗೆ ಹೀಗನ್ನಿಸುತ್ತದೆ, ಆದ್ದರಿಂದ ಇದೇ ಸರಿ ಎನ್ನುವವರಿಗೆ ಈ ಸುತ್ತ ಒತ್ತಾಸೆಯಾಗುವುದಿಲ್ಲ.

ಬುದ್ಧ ಅಲ್ಲಿಯೇ ಪ್ರಯೋಗವನ್ನೂ ಮಾಡಿ ತೋರಿಸುತ್ತಾನೆ. ಮನುಷ್ಯನಲ್ಲಿ ಲೋಭ ಹುಟ್ಟಿದರೆ ಹಿತಕ್ಕೋ ಅಹಿತಕ್ಕೋ ಎಂದು ಕೇಳುತ್ತಾನೆ. ಅಹಿತಕ್ಕೆ ಎನ್ನುತ್ತಾರೆ ಕಾಲಾಮರು. ಲೋಭದ ಕೈಗೆ ಸಿಕ್ಕವನು ಕೊಲ್ಲುತ್ತಾನೆ, ಕದಿಯುತ್ತಾನೆ, ಸುಳ್ಳಾಡುತ್ತಾನೆ, ಇತರರಿಂದಲೂ ಅದನ್ನೇ ಮಾಡಿಸುತ್ತಾನೆ ಅಲ್ಲವೇ ಎಂದು ಮತ್ತೆ ಕೇಳುತ್ತಾನೆ. ಹೌದು ಎನ್ನುತ್ತಾರೆ. ದ್ವೇಷ, ಮೋಹಗಳಿಗೂ ಇದೇ ಪ್ರಶ್ನೆಗಳು.

ನಮ್ಮ ಮನೆಯ ಮಾತೊಂದನ್ನು ಈ ಜರಡಿಗೆ ಹಾಕಿ ನೋಡೋಣ: "ಹೊಡೆಯದೆ ಮಕ್ಕಳಿಗೆ ಬುದ್ಧಿ ಬರುವುದಿಲ್ಲ." ಹಿರಿಯರು ಹೇಳಿದ್ದು ಎಂಬುದರಿಂದ ಇದು ನಿಲ್ಲುವುದೂ ಇಲ್ಲ, ಬೀಳುವುದೂ ಇಲ್ಲ. ಕೈ ಎತ್ತುವ ಗಳಿಗೆಯಲ್ಲಿ ನನ್ನೊಳಗೆ ಇರುವುದೇನು? ಹತ್ತರಲ್ಲಿ ಒಂಬತ್ತು ಬಾರಿ ಕೋಪ. ಆಮೇಲೆ ಏನಾಯಿತು? ನನ್ನ ಮಗ ತಪ್ಪು ಮಾಡುವುದನ್ನು ಬಿಡಲಿಲ್ಲ, ನನಗೆ ಹೇಳುವುದನ್ನು ಬಿಟ್ಟ. ನಾನು ಗೌರವಿಸುವ ಮೇಷ್ಟ್ರುಗಳು ಇದನ್ನು ಮೆಚ್ಚುತ್ತಾರೆಯೇ? ಇಲ್ಲ. ಹಾಗಾದರೆ ಬಿಡು. ಇಷ್ಟೇ ಕೆಲಸ, ಆದರೆ ಇದಕ್ಕೆ ತಿಂಗಳುಗಟ್ಟಲೆ ತನ್ನನ್ನೇ ನೋಡಿಕೊಳ್ಳಬೇಕಾಗುತ್ತದೆ. ಒಂದು ಮಧ್ಯಾಹ್ನದ ವಾದದಲ್ಲಿ ಇದು ಮುಗಿಯುವುದಿಲ್ಲ.

ಜರಡಿಯ ಮಿತಿಯನ್ನೂ ಹೇಳಿಬಿಡುತ್ತೇನೆ. ಇದು ನಡತೆಯನ್ನು, ಮನಸ್ಸಿನ ಗುಣಗಳನ್ನು ಸೋಸಲು ಇರುವಂಥದ್ದು. ನಮ್ಮ ಬಂಧುವೊಬ್ಬರು "ಅನುಭವಕ್ಕೆ ಬಾರದ್ದನ್ನು ಒಪ್ಪಬೇಡ ಎಂದಿದ್ದಾನೆ ಬುದ್ಧ" ಎಂದು ರಕ್ತದೊತ್ತಡದ ಮಾತ್ರೆ ನಿಲ್ಲಿಸಿದರು. ರಕ್ತದೊತ್ತಡ ಏರಿದ್ದು ಅನುಭವಕ್ಕೆ ಬರುವ ಹೊತ್ತಿಗೆ ಬಹಳ ಸಲ ತಡವಾಗಿರುತ್ತದೆ. ಅದನ್ನು ಅಳೆಯಲು ಪಟ್ಟಿ ಕಟ್ಟಿ ನೋಡುವ ಯಂತ್ರವಿದೆ, ಸುತ್ತ ಬೇಕಿಲ್ಲ.

ಕೊನೆಯವರೆಗೂ ಓದಿ

ಸುತ್ತದ ಕೊನೆಯಲ್ಲಿ ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆಗಳು ಬರುತ್ತವೆ, ಅನಂತರ ನಾಲ್ಕು ಭರವಸೆಗಳು. ಪರಲೋಕವಿದ್ದರೆ ಒಳ್ಳೆಯ ಗತಿ ಸಿಗುತ್ತದೆ, ಇಲ್ಲದಿದ್ದರೂ ಇಲ್ಲಿಯೇ ವೈರವಿಲ್ಲದೆ ಸುಖವಾಗಿರುತ್ತೇನೆ ಎಂಬ ಧಾಟಿಯಲ್ಲಿ. ಬುದ್ಧ ಇಲ್ಲಿ ಪುನರ್ಜನ್ಮವನ್ನು ತಳ್ಳಿಹಾಕಿದ ಎನ್ನುವವರು ಆ "ಇದ್ದರೆ" ಎಂಬುದನ್ನು ಓದಿರುವುದಿಲ್ಲ. ಕೊನೆಗೆ ಕಾಲಾಮರು ಶರಣು ಹೋಗುತ್ತಾರೆ. ಶ್ರೀಲಂಕಾದ ಸೋಮ ಥೇರರು ತಮ್ಮ ಇಂಗ್ಲಿಷ್ ಅನುವಾದದಲ್ಲಿ ಇದನ್ನು ಸ್ವತಂತ್ರ ವಿಚಾರಣೆಯ ಸನ್ನದು ಎಂದು ಕರೆದರು, ಆ ಹೆಸರೇ ನಿಂತುಬಿಟ್ಟಿತು. ಸಂದರ್ಭದಿಂದ ಕಿತ್ತು ಉಲ್ಲೇಖಿಸುವುದನ್ನು 1988ರಲ್ಲಿ ಪಾಲಿ ಗ್ರಂಥಗಳ ಅನುವಾದಕ ಭಿಕ್ಖು ಬೋಧಿ ಒಂದು ಪುಟ್ಟ ಲೇಖನ ಬರೆದು ಆಕ್ಷೇಪಿಸಿದರು.

ಚಿನ್ನವನ್ನು ಬೇರೆಯೇ ಇಡಿ

"ಅಕ್ಕಸಾಲಿಗ ಚಿನ್ನವನ್ನು ಕಾಯಿಸಿ, ಕತ್ತರಿಸಿ, ಒರೆಗೆ ಹಚ್ಚಿ ನೋಡುವಂತೆ ನನ್ನ ಮಾತನ್ನು ಪರೀಕ್ಷಿಸಿ ಸ್ವೀಕರಿಸಿ, ಗೌರವದಿಂದಲ್ಲ" ಎಂಬ ಮಾತನ್ನೂ ಕಾಲಾಮ ಸುತ್ತಕ್ಕೆ ಅಂಟಿಸುತ್ತಾರೆ. ಅದು ಸಂಸ್ಕೃತ ಶ್ಲೋಕ, ಎಂಟನೆಯ ಶತಮಾನದ ಶಾಂತರಕ್ಷಿತನ ತತ್ತ್ವಸಂಗ್ರಹದಲ್ಲಿದೆ. ಪಾಲಿ ಸುತ್ತಗಳದ್ದಲ್ಲ. ದಲೈ ಲಾಮಾ ಅದನ್ನು ಆಗಾಗ ನೆನೆಯುತ್ತಾರೆ. ಚೆಂದದ ಮಾತು, ಬಳಸಿ. ವಿಳಾಸ ಮಾತ್ರ ಅದರದೇ ಇರಲಿ.

ವಾಚನಾಲಯದ ಗೋಡೆಗೆ ಹತ್ತನ್ನೂ ಬರೆಸೋಣ ಎಂದೆ. ಬರೆಯುವವನು ಅಕ್ಷರಕ್ಕಿಷ್ಟು ಎಂದು ಲೆಕ್ಕ ಹಾಕುವವನು, "ದಿಟ್ಠಿನಿಜ್ಝಾನಕ್ಖಂತಿ"ಯನ್ನು ನೋಡಿ ಒತ್ತಕ್ಷರಕ್ಕೆ ಬೇರೆ ದರ ಎಂದ. ಕೊನೆಗೆ ಎರಡು ಸಾಲಿಗೆ ಇಳಿಸಿದೆವು: "ಹಾನಿಗೆ ಒಯ್ಯುವುದನ್ನು ನೀವಾಗಿಯೇ ತಿಳಿದು ಬಿಡಿ, ಹಿತಕ್ಕೆ ಒಯ್ಯುವುದನ್ನು ತಿಳಿದು, ಕೈಗೊಂಡು ಬಾಳಿ." ಕೆಳಗೆ ಅಂಗುತ್ತರ ನಿಕಾಯ 3.65, ಸಂಗ್ರಹಾನುವಾದ ಎಂದು ಕೊಟ್ಟಿದ್ದೆವು. ಅವನು ಚುಕ್ಕಿ ಬಿಟ್ಟು 365 ಎಂದು ಬರೆದು ಹೋಗಿದ್ದಾನೆ. ಏಣಿ ತೆಗೆದುಕೊಂಡು ಭಾನುವಾರ ಬರುತ್ತೇನೆ ಎಂದಿದ್ದಾನೆ.