ಬಾಕಿ ಕೇಳುವ ಮೆಸೇಜನ್ನು ಕೊಡಬೇಕಾದವರ ಕಡೆ ಕೂತು ಓದುವುದು

ದಾವಣಗೆರೆಯಲ್ಲಿ ಬೀಜ, ಗೊಬ್ಬರ, ಔಷಧಿ ಮಾರುವ ಒಂದು ಹೋಲ್‌ಸೇಲ್ ಅಂಗಡಿಯಲ್ಲಿ ನಾನು ಲೆಕ್ಕ ನೋಡಿಕೊಳ್ಳುತ್ತೇನೆ. ಜಗಳೂರು, ಚನ್ನಗಿರಿ, ಹೊಳಲ್ಕೆರೆ ಕಡೆಯ ಚಿಲ್ಲರೆ ಅಂಗಡಿಯವರು ನಮ್ಮಲ್ಲಿ ಮಾಲು ಎತ್ತುತ್ತಾರೆ, ಜಾಸ್ತಿ ಪಾಲು ಉದ್ರಿ. ಅವರಿಗೆ ಬಾಕಿ ಕೇಳಿ ಬರೆಯುವ ಕೆಲಸ ನನ್ನದು. ಈ ಕೆಲಸದಲ್ಲಿ ದುಡ್ಡೂ ಬರಬೇಕು, ಗಿರಾಕಿಯೂ ಉಳಿಯಬೇಕು. ಅದಕ್ಕೇ ಬರೆದು ಮುಗಿಸಿದ ಮೇಲೆ, ಕಳಿಸುವ ಮುಂಚೆ, ಅದನ್ನು ಅವರ ಕಡೆಯಿಂದ ಒಂದು ಸಲ ಓದುತ್ತೇನೆ. ಹೇಗೆ ಓದುತ್ತೇನೆ ಅಂತ ಒಂದೇ ಮೆಸೇಜು ಇಟ್ಟುಕೊಂಡು ಹೇಳ್ತೀನಿ.

ಜಗಳೂರು ಕಡೆಯ ಒಬ್ಬರು ಅಂಗಡಿಯವರು, ನನಗಿಂತ ವಯಸ್ಸಿನಲ್ಲಿ ದೊಡ್ಡವರು. ಮುಂಗಾರಿಗೆ ಮೆಕ್ಕೆಜೋಳದ ಬೀಜ, ಗೊಬ್ಬರ ತೊಗೊಂಡಿದ್ದರು. ಬಿಲ್ಲು 86,400. ಅದರಲ್ಲಿ 40,000 ಕಟ್ಟಿದ್ದರು. ನವೆಂಬರ್ ಬಂತು, ಉಳಿದದ್ದು ಬರಲಿಲ್ಲ. ನಾನು ಬರೆದ ಕರಡು ಹೀಗಿತ್ತು:

"ಮಾನ್ಯರೇ, ಹಲವು ಬಾರಿ ತಿಳಿಸಿದರೂ ತಾವು ಈವರೆಗೆ ಬಾಕಿ ಮೊತ್ತ 46,400 ಪಾವತಿಸಿರುವುದಿಲ್ಲ. ಇನ್ನಾದರೂ 25ನೇ ತಾರೀಖಿನೊಳಗೆ ತಪ್ಪದೆ ಪಾವತಿಸಬೇಕು. ಇಲ್ಲವಾದಲ್ಲಿ ಮುಂದಿನ ಮಾಲು ಕಳಿಸಲಾಗುವುದಿಲ್ಲ."

ಇದರಲ್ಲಿ ಬೈಗುಳ ಇಲ್ಲ, ಸುಳ್ಳು ಇಲ್ಲ. ಬರೆಯುವವರ ಕಡೆಯಿಂದ ಓದಿದರೆ ಎಲ್ಲ ಸರಿಯಾಗೇ ಕಾಣುತ್ತೆ. ಅದಕ್ಕೇ ಕೂತ ಜಾಗದಲ್ಲೇ ಎರಡನೇ ಸಲ ಓದಿದರೆ ಏನೂ ಸಿಗುವುದಿಲ್ಲ, ಕಣ್ಣು ಕಾಗುಣಿತ ನೋಡಿಕೊಂಡು ಮುಂದೆ ಹೋಗಿಬಿಡುತ್ತೆ.

ಹಾಗಾಗಿ ನಾನು ಇಂಥ ಮೆಸೇಜನ್ನು ಅವರ ಚಾಟಿನಲ್ಲಿ ಟೈಪ್ ಮಾಡುವುದಿಲ್ಲ. ಬೇರೆ ಕಡೆ ಬರೆದಿಟ್ಟು, ಬಿಲ್ಲು ಹಾಕುವುದೋ ಬ್ಯಾಂಕಿನ ಕೆಲಸವೋ ಮುಗಿಸಿ, ಆಮೇಲೆ ಅದನ್ನು ಅಂಗಡಿಯ ಇನ್ನೊಂದು ಫೋನಿಗೆ ಕಳಿಸುತ್ತೇನೆ. ಆ ಫೋನು ಗೋಡೌನಿನ ಹುಡುಗನ ಹತ್ತಿರ ಇರುತ್ತೆ. ಅದರಲ್ಲಿ ಈ ಮೆಸೇಜು ಬೇರೆಯವರಿಂದ ಬಂದಿದ್ದರ ಹಾಗೆ ಎಡಗಡೆ ಕಾಣುತ್ತೆ. ಇಷ್ಟಕ್ಕೇ ಓದುವ ರೀತಿ ಬದಲಾಗುತ್ತೆ ಅಂದರೆ ನೀವು ನಂಬಲಿಕ್ಕಿಲ್ಲ, ಒಂದು ಸಲ ಮಾಡಿ ನೋಡಿ.

ಮೆಸೇಜು ತೆರೆಯುವ ಮುಂಚೆ ಮೇಲೆ ಬರುವ ನೋಟಿಫಿಕೇಶನ್ ನೋಡುತ್ತೇನೆ. ಯಾಕಂದರೆ ಅವರಿಗೆ ಮೊದಲು ಕಾಣುವುದು ಅದೇ. ಅಲ್ಲಿ ಸಿಕ್ಕಿದ್ದು ಇಷ್ಟು: "ಮಾನ್ಯರೇ, ಹಲವು ಬಾರಿ ತಿಳಿಸಿದರೂ ತಾವು ಈವರೆಗೆ…" ಹಳ್ಳಿಯ ಅಂಗಡಿಯಲ್ಲಿ ಫೋನು ಗಲ್ಲಾಪೆಟ್ಟಿಗೆ ಪಕ್ಕ ಬಿದ್ದಿರುತ್ತೆ. ಎದುರಿಗೆ ಔಷಧಿ ತೊಗೊಳ್ಳೋಕೆ ಬಂದ ನಾಲ್ಕು ಜನ ರೈತರು ನಿಂತಿರುತ್ತಾರೆ, ಮಗ ಫೋನು ಎತ್ತಿ "ಅಪ್ಪಾ, ದಾವಣಗೆರೆಯಿಂದ" ಅಂತ ಜೋರಾಗಿ ಓದಿದರೆ? ಬಾಕಿ ಎಷ್ಟು ಅನ್ನೋದು ಕೇಳುವ ಮುಂಚೆಯೇ ಹಲವು ಸಲ ಹೇಳಿಸಿಕೊಂಡವರು ಅನ್ನೋದು ಎಲ್ಲರ ಕಿವಿಗೂ ಬಿತ್ತು. ಮೊದಲ ಸಾಲಿನಲ್ಲಿ ದೂರು ಇರಬಾರದು ಅಂತ ನಾನು ಇಟ್ಟುಕೊಂಡಿರುವುದು ಇದಕ್ಕೇ. ನಾವು ಬರೆದದ್ದನ್ನು ಅವರೊಬ್ಬರೇ ಓದುತ್ತಾರೆ ಅಂತ ಹೇಳೋಕಾಗಲ್ಲ.

ಆಮೇಲೆ ಜೋರಾಗಿ ಓದುತ್ತೇನೆ, ಆದರೆ ನನ್ನ ದನಿಯಲ್ಲಲ್ಲ. ಬರೆದವರು ಓದಿದರೆ ಮನಸ್ಸಿನಲ್ಲಿದ್ದ ಮೆತ್ತನೆಯ ರಾಗ ತಾನಾಗಿಯೇ ಸೇರಿಕೊಳ್ಳುತ್ತೆ. ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲೆ ಮತ್ತು ಜೊತೆಯವರು 2005ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ಒಂದು ಮಾತು ವ್ಯಂಗ್ಯವೋ ನಿಜವೋ ಅನ್ನೋದು ಇಮೇಲಿನಲ್ಲಿ ಓದುವವರಿಗೆ ನೂರಕ್ಕೆ 78ರಷ್ಟು ಸಲ ಗೊತ್ತಾಗುತ್ತೆ ಅಂತ ಬರೆದವರು ಅಂದುಕೊಂಡಿದ್ದರು, ನಿಜಕ್ಕೂ ಗೊತ್ತಾಗಿದ್ದು 56ರಷ್ಟು. ಸುಮ್ನೆ ಊಹೆ ಮಾಡಿದ್ದರೂ 50 ಬರುತ್ತಿತ್ತು ಅಲ್ವಾ. ಬರೆದಿದ್ದನ್ನು ತಮ್ಮ ಉದ್ದೇಶಕ್ಕೆ ಉಲ್ಟಾ ದನಿಯಲ್ಲಿ ಓದಿಸಿದಾಗ ಈ ಅತಿಯಾದ ನಂಬಿಕೆ ಇಳಿಯಿತು ಅನ್ನೋದು ಅದೇ ಅಧ್ಯಯನದಲ್ಲಿದೆ. ನಾನು ಮಾಡುವುದೂ ಅದನ್ನೇ. ಬಿಸಿಲಲ್ಲಿ ಸುತ್ತಿ ಬಂದು ಬೇಜಾರಾಗಿರುವ ಮನುಷ್ಯ ಓದಿದ ಹಾಗೆ, ಗಡುಸಾಗಿ ಓದುತ್ತೇನೆ. "ಇನ್ನಾದರೂ" ಅನ್ನೋದನ್ನ ಆ ದನಿಯಲ್ಲಿ ಓದಿ ನೋಡಿ. ಮೇಷ್ಟ್ರು ಹೋಂವರ್ಕ್ ಮಾಡದ ಹುಡುಗನಿಗೆ ಹೇಳಿದ ಹಾಗೆ ಕೇಳುತ್ತೆ.

ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಮುಂದಿನ ಕೆಲಸ. ಒಂದೊಂದು ವಾಕ್ಯದ ಪಕ್ಕದಲ್ಲೂ, ಅದನ್ನು ಓದಿದ ಕೂಡಲೇ ಅವರ ಬಾಯಲ್ಲಿ ಬರುವ ಮಾತನ್ನು ಪೆನ್ನಿನಲ್ಲಿ ಬರೆಯುತ್ತೇನೆ. ಅವರು ಮಾತಾಡುವ ಹಾಗೇ ಬರೆಯಬೇಕು, ಚಂದ ಮಾಡಬಾರದು.

"ಮಾನ್ಯರೇ" ಪಕ್ಕದಲ್ಲಿ ಬರೆದದ್ದು: "ಇಷ್ಟು ವರ್ಷ ಅಣ್ಣಾ ಅಂತಿದ್ದೋರು ಈಗ ಮಾನ್ಯರೇ ಅಂತಾರಲ್ಲ." ಇದು ಓದಲು ಮರ್ಯಾದೆಯ ಮಾತು, ಆದರೆ ದಿನಾ ಅಣ್ಣಾ ಅಂತ ಕರೆಸಿಕೊಂಡವರಿಗೆ ಸಂಬಂಧ ಕಡಿದ ಹಾಗೆ ಕೇಳುತ್ತೆ. ಮರ್ಯಾದೆ ಇದ್ದಕ್ಕಿದ್ದ ಹಾಗೆ ಜಾಸ್ತಿಯಾದರೂ ಜನ ಅನುಮಾನ ಪಡುತ್ತಾರೆ.

"ಹಲವು ಬಾರಿ ತಿಳಿಸಿದರೂ" ಪಕ್ಕದಲ್ಲಿ: "ಯಾವಾಗ ತಿಳಿಸಿದ್ರಿ? ಒಂದು ಸಲ ಫೋನ್ ಬಂದಿತ್ತು, ಅಷ್ಟೇ." ಇದನ್ನು ಬರೆದ ಮೇಲೆ ನಾನು ಹಿಂದಿನ ಚಾಟು ತೆಗೆದು ನೋಡಿದೆ. ನಮ್ಮ ಕಡೆಯಿಂದ ಹೋಗಿದ್ದು ಒಂದು ಫೋನು, ಒಂದು ಲೆಡ್ಜರ್ ಫೋಟೊ. ಫೋಟೊ ಬಂದಿದ್ದನ್ನು ಅವರು ಬಾಕಿ ಕೇಳಿದ್ದು ಅಂತ ಲೆಕ್ಕಕ್ಕೇ ಇಟ್ಟಿರುವುದಿಲ್ಲ. ಹಾಗಾದರೆ ಈ ಮಾತು ಇಬ್ಬರ ನಡುವೆ ವಾದಕ್ಕೆ ದಾರಿ ಮಾಡಿಕೊಡುತ್ತೆ, ದುಡ್ಡಿನ ಮಾತು ಅಲ್ಲಿಗೇ ನಿಲ್ಲುತ್ತೆ.

"46,400" ಪಕ್ಕದಲ್ಲಿ: "ನಾನು ವಾಪಸ್ ಕಳಿಸಿದ ಬೀಜದ ಚೀಲ ಎಲ್ಲಿ ಹೋಯ್ತು?" ಮಳೆ ತಡವಾಗಿ ಬಿತ್ತನೆ ಕಡಿಮೆಯಾದಾಗ ಅವರು ಮಾರಾಟವಾಗದ ಬೀಜ ಹಿಂದಕ್ಕೆ ಕಳಿಸಿದ್ದರು, ಅದರ 5,200 ಕಳೆಯುವುದು ಕ್ರೆಡಿಟ್ ನೋಟಿನಲ್ಲಿತ್ತು, ಕರಡಿನಲ್ಲಿ ಇರಲಿಲ್ಲ. ಉಳಿಯುವುದು 41,200. ಅಂಕಿಯಲ್ಲೂ ದನಿ ಇರುತ್ತೆ ಅಂತ ನಾನು ಬಲವಾಗಿ ನಂಬಿದ್ದೇನೆ. ವಾಪಸ್ ಮಾಲು ಕಳೆಯದ ಮೊತ್ತ ನೋಡಿದವರು, ಅದರ ಸುತ್ತ ಎಷ್ಟು ನಯವಾದ ಮಾತಿದ್ದರೂ, ಇವರು ನಮ್ಮನ್ನ ಲೆಕ್ಕಕ್ಕೇ ತೊಗೊಂಡಿಲ್ಲ ಅಂತಲೇ ಓದುತ್ತಾರೆ.

"ತಪ್ಪದೆ ಪಾವತಿಸಬೇಕು" ಪಕ್ಕದಲ್ಲಿ: "ನಾನೇನು ಓಡಿ ಹೋಗ್ತೀನಾ? ರೈತರ ಜೋಳ ಇನ್ನೂ ಕಣದಲ್ಲಿದೆ." ನಿಜ. ಅಕ್ಟೋಬರ್, ನವೆಂಬರಿನಲ್ಲಿ ಮುರಿದ ಜೋಳ ಒಣಗಿ, ಎಪಿಎಂಸಿಗೆ ಬಂದು, ಮಾರಾಟವಾದ ಮೇಲೆ ರೈತ ಅಂಗಡಿಗೆ ಕಟ್ಟುತ್ತಾನೆ, ಅಂಗಡಿಯವರು ನಮಗೆ ಕಟ್ಟುತ್ತಾರೆ. ಇದು ನಮಗೆ ಗೊತ್ತಿರುವ ಸಂಗತಿ. ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಬರೆದರೆ ಮೊದಲು ನೋಯುವುದು ಅದೇ.

ಕೊನೆಯ ವಾಕ್ಯದ ಪಕ್ಕದಲ್ಲಿ: "ಹಂಗಾದ್ರೆ ಬೇರೆಯವರ ಹತ್ರ ತೊಗೋತೀನಿ ಬಿಡಿ." ಇಲ್ಲಿ ನಾನು ಮಾಲೀಕರನ್ನು ಕೇಳಿದೆ, ನಿಜವಾಗಿ ಮಾಲು ನಿಲ್ಲಿಸುತ್ತೀವಾ ಅಂತ. ಇಲ್ಲ ಅಂದರು. ನಿಲ್ಲಿಸದೇ ಇರುವವರು ನಿಲ್ಲಿಸುತ್ತೀವಿ ಅಂತ ಬರೆಯಬಾರದು, ಆ ವಾಕ್ಯ ತೆಗೆದೆ. ನಿಲ್ಲಿಸುವುದು ತೀರ್ಮಾನವಾಗಿದ್ದರೆ ಕಾರಣ ಹೇಳಿ ನೇರವಾಗಿ ಬರೆಯುತ್ತಿದ್ದೆ, ಮುಚ್ಚಿಡುತ್ತಿರಲಿಲ್ಲ.

ಐದು ಉತ್ತರದಲ್ಲಿ ಒಂದರಲ್ಲೂ "ಇಂಥ ದಿನ ಕಟ್ತೀನಿ" ಅನ್ನೋದಿಲ್ಲ ನೋಡಿ. ನನಗೆ ಬೇಕಿದ್ದದ್ದು ಆ ಉತ್ತರ. ಬರುವ ಉತ್ತರವೂ ಬೇಕಾದ ಉತ್ತರವೂ ಬೇರೆ ಬೇರೆಯಾದರೆ ತೊಂದರೆ ವಾಕ್ಯದಲ್ಲಿದೆ ಅಂತ ಗೊತ್ತಾಗುತ್ತೆ.

ಇದನ್ನು ತಿದ್ದುವಾಗ ಇನ್ನೊಂದು ಕಡೆಗೆ ಜಾರುವ ಅಪಾಯ ಇದೆ. ಎರಡನೇ ಕರಡು ಮೆತ್ತಗಾಗಿ ಹೀಗೆ ಬಂತು: "ಅಣ್ಣಾ, ತಪ್ಪು ತಿಳಿಯಬೇಡಿ, ಅನುಕೂಲ ಆದಾಗ ಸ್ವಲ್ಪ ಬಾಕಿ ಕಡೆ ನೋಡಿ." ಇದನ್ನೂ ಅವರ ಕಡೆಯಿಂದ ಓದಬೇಕು. ಪಕ್ಕದಲ್ಲಿ ಬರುವ ಮಾತು: "ಆಯ್ತು, ಅರ್ಜೆಂಟಿಲ್ಲ." ಎಷ್ಟು ಅಂತಿಲ್ಲ, ಯಾವತ್ತು ಅಂತಿಲ್ಲ. ಅದೂ ಅಲ್ಲದೆ ತಪ್ಪು ತಿಳಿಯಬೇಡಿ ಅಂದಾಗಲೇ ಇಲ್ಲೇನೋ ತಪ್ಪು ತಿಳಿಯುವಂಥದ್ದಿದೆ ಅಂತ ಅವರು ಹುಡುಕಲು ಶುರು ಮಾಡುತ್ತಾರೆ. ಓದುವವರ ಕಡೆ ಕೂರುವುದು ಅಂದರೆ ಸಕ್ಕರೆ ಹಾಕುವುದಲ್ಲ, ಅವರಿಗೆ ಏನು ಮಾಡಬೇಕು ಅಂತ ತಿಳಿಯದೇ ಹೋದರೂ ಅದೇ ಓದಿನಲ್ಲಿ ಸಿಕ್ಕಿಬೀಳಬೇಕು.

ಕಳಿಸಿದ್ದು ಇದು:

"ಅಣ್ಣಾ, ನಮಸ್ಕಾರ. ಮುಂಗಾರಿನ ಬಿಲ್ಲಿನ ಲೆಕ್ಕ ಕಳಿಸ್ತಿದ್ದೀನಿ. ಬಿಲ್ಲು 86,400. ನೀವು ಕಟ್ಟಿದ್ದು 40,000. ವಾಪಸ್ ಬಂದ ಬೀಜಕ್ಕೆ 5,200 ಕಳೆದಿದ್ದೀವಿ. ಉಳಿದದ್ದು 41,200. ನಾವು 30ಕ್ಕೆ ಕಂಪನಿಗೆ ಕಟ್ಟೋದಿದೆ, ಅದಕ್ಕೆ 25ರೊಳಗೆ ಬೇಕಾಗಿದೆ. ರೈತರ ಜೋಳ ಇನ್ನೂ ಮಾರಾಟ ಆಗಿಲ್ಲ ಅಂದ್ರೆ 25ಕ್ಕೆ ಎಷ್ಟು ಆಗುತ್ತೆ, ಉಳಿದದ್ದು ಯಾವತ್ತು ಅಂತ ತಿಳಿಸಿ. ಲೆಕ್ಕದಲ್ಲಿ ವ್ಯತ್ಯಾಸ ಕಂಡ್ರೆ ಹೇಳಿ."

ತಾರೀಖು ಮೊದಲಿನದೇ, ಅದನ್ನು ಸಡಿಲ ಮಾಡಿಲ್ಲ. ನೋಟಿಫಿಕೇಶನ್ನಿನಲ್ಲಿ ಕಾಣುವುದು ನಮಸ್ಕಾರ ಮತ್ತು ಲೆಕ್ಕ. ಸಂಜೆ ಅವರ ಉತ್ತರ ಬಂತು: 25ಕ್ಕೆ 20,000, ಉಳಿದದ್ದು ಜೋಳ ಹೋದ ಮೇಲೆ ಡಿಸೆಂಬರ್ 10ಕ್ಕೆ. ಮಾಲೀಕರು ಒಪ್ಪಿದರು.

ಈ ಓದು ಕೈಕೊಡುವುದು ಸಿಟ್ಟು ಬಂದಾಗ. ಸಿಟ್ಟಿನಲ್ಲಿ ಪಕ್ಕದ ಉತ್ತರ ಬರೆಯಲು ಕೂತರೆ ಎಲ್ಲ ಉತ್ತರವೂ ಕುಂಟುನೆಪದ ಹಾಗೇ ಬರುತ್ತೆ, ಅದು ಅವರ ಮಾತಲ್ಲ, ಅವರ ಬಗ್ಗೆ ನನಗಿರುವ ಅಭಿಪ್ರಾಯ. ಹಾಗೆ ಬರ್ತಿದೆ ಅನ್ನಿಸಿದರೆ ಕಾಗದವನ್ನು ಅಂಗಡಿಯಲ್ಲಿ ಇನ್ನೊಬ್ಬರ ಕೈಗೆ ಕೊಡುತ್ತೇನೆ. ಹಿನ್ನೆಲೆ ಹೇಳುವುದಿಲ್ಲ, ಹೇಳಿದರೆ ಅವರೂ ನನ್ನ ಕಡೆಗೇ ಬಂದುಬಿಡುತ್ತಾರೆ. ಎರಡೇ ಪ್ರಶ್ನೆ ಕೇಳುತ್ತೇನೆ: ಇದು ನಿಮಗೆ ಬಂದಿದ್ದರೆ ನೀವು ಏನು ಮಾಡಬೇಕು ಅಂತ ಇದೆ? ಬರೆದವರು ನಿಮ್ಮ ಬಗ್ಗೆ ಏನು ಅಂದುಕೊಂಡಿದ್ದಾರೆ ಅನ್ನಿಸುತ್ತೆ? ಚೆನ್ನಾಗಿದೆಯಾ ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ.

ವಕೀಲರ ಮೂಲಕ ಹೋಗುವ ನೋಟಿಸಿಗೆ ನಾನು ಇದನ್ನು ಮಾಡಲು ಹೋಗುವುದಿಲ್ಲ. ಅಲ್ಲಿ ದನಿ ಗಡುಸಾಗಿರುವುದು ಬೇಕೆಂದೇ, ಅದನ್ನು ವಕೀಲರಿಗೇ ಬಿಡಬೇಕು. ಹಾಗೇ ಅವರ ಮನೆಯಲ್ಲಿ ಸಾವು, ಕಾಯಿಲೆ ಆಗಿದೆ ಅಂತ ತಿಳಿದಾಗ ಯಾವ ಕರಡನ್ನೂ ತಿದ್ದುತ್ತಾ ಕೂರುವುದಿಲ್ಲ, ಆ ತಿಂಗಳ ಬಾಕಿ ಪಟ್ಟಿಯಿಂದ ಅವರ ಹೆಸರನ್ನು ಮಾಲೀಕರಿಗೆ ಹೇಳಿ ತೆಗೆಸುತ್ತೇನೆ, ಆಮೇಲೆ ಯಾರಾದರೂ ಹೋಗಿ ಮಾತಾಡಿಸಿ ಬರುತ್ತಾರೆ.