ಸತ್ತ ಸೈಟಿನಿಂದ ಐದು ವರ್ಷದ ಗ್ಯಾರಂಟಿ ಹೊರಗೆ ತೆಗೆದದ್ದು

ಕಲಬುರಗಿ ಗಂಜಿನಲ್ಲಿ ದಾಲ್ ಮಿಲ್‌ಗಳ ಲೆಕ್ಕ, ಜಿಎಸ್‌ಟಿ ರಿಟರ್ನ್ ನೋಡುವುದು ನನ್ನ ಕೆಲಸ. ಅದರ ಜೊತೆಗೆ ವೇಬ್ಯಾಕ್ ಮಷೀನ್ ಕೆದಕುವ ಚಟವೂ ಇದೆ. ನೀವೂ ಅದನ್ನು ಬಳಸಿಯೇ ಇರುತ್ತೀರಿ, ಹಾಗಾಗಿ ಅದೇನು ಅಂತ ಇಲ್ಲಿ ಹೇಳುವುದಿಲ್ಲ. ಈ ಚಟದಿಂದ ಒಬ್ಬ ಸಾವಕಾರರಿಗೆ ಎರಡು ಲಕ್ಷದಷ್ಟು ಉಳಿಯಿತು. ಅದು ಹೇಗೆ ಅಂತಷ್ಟೇ ಬರೆಯುತ್ತೇನೆ.

ಅವರದು ಹುಮನಾಬಾದ್ ರಸ್ತೆ ಕಡೆ ಮಿಲ್. 2018ರ ಜೂನ್‌ನಲ್ಲಿ ಹೊರರಾಜ್ಯದ ಒಂದು ಸಂಸ್ಥೆಯಿಂದ ಬೇಳೆಯ ಕಲರ್ ಸಾರ್ಟರ್ ತಂದಿದ್ದರು. ಹನ್ನೆರಡು ಹದಿಮೂರು ಲಕ್ಷದ ಮಾತು. 2022ರ ಕೊನೆಗೆ ಎಜೆಕ್ಟರ್‌ಗಳು ಕೈಕೊಟ್ಟವು. ಕಪ್ಪು ಕಾಳನ್ನು ಗಾಳಿಯಿಂದ ಹೊಡೆದು ಹೊರಗೆ ಹಾಕುವ ವಾಲ್ವ್‌ಗಳು ಅವು. ಸಾಲು ಪೂರ್ತಿ ಬದಲಿಸಬೇಕು, ಎರಡು ಲಕ್ಷದ ಹತ್ತಿರ ಅಂದರು. ಬಿಲ್ಲಿನ ಕೆಳಗೆ ಮಾತ್ರ ಒಂದು ಸಾಲು ಇತ್ತು: ಗ್ಯಾರಂಟಿ ನಮ್ಮ ವೆಬ್‌ಸೈಟಿನಲ್ಲಿರುವ ಷರತ್ತಿನ ಪ್ರಕಾರ. ಈಗಿನ ಸೈಟಿನಲ್ಲಿ ಎಜೆಕ್ಟರ್‌ಗೆ ಒಂದೇ ವರ್ಷ. ಫೋನ್ ಮಾಡಿದರೆ ಬಂದ ಉತ್ತರ ಇನ್ನೂ ಚೆನ್ನಾಗಿತ್ತು: "ಆ ಹೆಸರಿನ ಸಂಸ್ಥೆ ನಮ್ಮದಲ್ಲ, ನಾವು 2020ರಲ್ಲಿ ಶುರುವಾದ ಪ್ರೈವೇಟ್ ಲಿಮಿಟೆಡ್."

ಹಾಗಾಗಿ ನನಗೆ ಮೂರು ಸಂಗತಿ ಬೇಕಿತ್ತು. 2018ರಲ್ಲಿ ಸೈಟಿನಲ್ಲಿ ನಿಜಕ್ಕೂ ಏನಿತ್ತು, ಆಗಿನ ವಿಳಾಸ ಯಾವುದು, ಹಳೆಯ ಹೆಸರಿಗೂ ಹೊಸ ಹೆಸರಿಗೂ ಏನು ನಂಟು. ಸಾವಕಾರರ ವಕೀಲರು ನಕ್ಕರು. "ಅಲ್ರೀ, ಸತ್ತ ಸೈಟಿನ್ಯಾಗ ಏನ್ ಹುಡುಕ್ತೀರಿ? ಹೊಸ ವಾಲ್ವ್ ಹಾಕಿಸ್ಕೊಂಡು ಮಿಲ್ ಚಾಲೂ ಮಾಡ್ರಿ ಅಂತ ಹೇಳ್ರಿ" ಅಂದರು.

ಮೊದಲ ತೊಡಕು ಹಳೆಯ ಡೊಮೈನ್ ಗೊತ್ತಿಲ್ಲದ್ದು. ಹೊಸ ಸೈಟಿನ ಪ್ರತಿಗಳು 2020ಕ್ಕಿಂತ ಹಿಂದೆ ಹೋಗಲಿಲ್ಲ. ಬಿಲ್ಲಿನಲ್ಲಿದ್ದ ಮೇಲ್ ವಿಳಾಸ ಜಿಮೇಲ್‌ನದು, ಅದರಿಂದ ಏನೂ ಹೊರಡಲಿಲ್ಲ. ಹೆಸರು ಹಾಕಿ ವೇಬ್ಯಾಕ್‌ನಲ್ಲೇ ಹುಡುಕಿದೆ. ಅಲ್ಲಿನ ಹುಡುಕಾಟ ಪುಟದೊಳಗಿನ ಪೂರ್ತಿ ಬರಹವನ್ನು ನೋಡುವುದಿಲ್ಲ, ಸಣ್ಣ ಸಂಸ್ಥೆಗಳು ಅದರಲ್ಲಿ ಸಿಗುವುದು ಕಡಿಮೆ. ಕೊನೆಗೆ ಮಿಲ್ಲಿಗೇ ಹೋಗಿ ಮಷೀನಿನ ಹಿಂಬದಿಯ ಧೂಳು ಒರೆಸಿದೆ. ಸೀರಿಯಲ್ ನಂಬರಿನ ಪ್ಲೇಟಿನ ಕೆಳಗೆ ಡೊಮೈನ್ ಕೆತ್ತಿತ್ತು. ಬಿಲ್ಲು, ಬ್ರೋಷರ್ ಎರಡೂ ಕೈಬಿಟ್ಟಾಗ ಮಷೀನನ್ನೇ ನೋಡಿ.

ಆ ಡೊಮೈನ್ ಈಗ ಯಾರದೋ ಜೂಜಿನ ಪುಟ ತೋರಿಸುತ್ತಿತ್ತು. ವೇಬ್ಯಾಕ್ ಕ್ಯಾಲೆಂಡರಿನಲ್ಲಿ 2018ಕ್ಕೆ ಒಂದೆರಡು ಚುಕ್ಕೆ ಮಾತ್ರ. ತೆರೆದರೆ ಮುಖಪುಟ ಖಾಲಿ. ಅದನ್ನು ಫ್ಲ್ಯಾಶ್‌ನಲ್ಲಿ ಮಾಡಿಸಿದ್ದರು. ಎಷ್ಟೋ ಜನ ಇಲ್ಲಿಗೇ ಕೈಬಿಡುತ್ತಾರೆ. ಆದರೆ ಕ್ಯಾಲೆಂಡರ್ ತೋರಿಸುವುದು ಆ ಒಂದು ವಿಳಾಸದ ಪ್ರತಿಗಳನ್ನು ಮಾತ್ರ. ಒಳಪುಟಗಳ ಪಟ್ಟಿ ಬೇಕಾದರೆ ಸಿಡಿಎಕ್ಸ್ ಅನ್ನೇ ಕೇಳಬೇಕು. ಡೊಮೈನ್ ಬದಲಿಸಿ ಹಾಕಿದ್ದೇನೆ:

```
https://web.archive.org/cdx/search/cdx?url=example.com&matchType=domain&from=2016&to=2021&fl=timestamp,original,mimetype,statuscode,digest
```

ಈ ವಿಳಾಸವನ್ನು ಬ್ರೌಸರಿನಲ್ಲಿ ಹಾಕಿದರೆ ಸಾಕು. ನೂರಾರು ಸಾಲು ಉದುರಿದವು. ಮೆನುವಿನಲ್ಲಿ ಕಾಣದಿದ್ದ ಗ್ಯಾರಂಟಿ ಪುಟ, ಸಂಪರ್ಕದ ಪುಟ, ಒಂದು ಪಿಡಿಎಫ್ ಬ್ರೋಷರ್ ಎಲ್ಲ ಅದರಲ್ಲಿದ್ದವು.

ಇಲ್ಲಿ ಎಲ್ಲರೂ ಒಂದು ಅಭ್ಯಾಸ ಕಲಿತಿರುತ್ತಾರೆ. ಪಟ್ಟಿ ಚಿಕ್ಕದಾಗಲಿ ಅಂತ `filter=statuscode:200` ಮತ್ತು `collapse=digest` ಸೇರಿಸುತ್ತಾರೆ. ಈ ಥರದ ಕೆಲಸಕ್ಕೆ ಅವೆರಡೂ ಬೇಡ. ಪುಟ ಮೊದಲಿನಂತೆಯೇ ಇದ್ದರೆ ಆರ್ಕೈವ್ ಎಷ್ಟೋ ಸಲ ಅದನ್ನು ಮತ್ತೆ ಪೂರ್ತಿ ಇಟ್ಟುಕೊಳ್ಳುವುದಿಲ್ಲ. `warc/revisit` ಅಂತ ಗುರುತು ಹಾಕುತ್ತದೆ, ಸ್ಟೇಟಸ್ ಜಾಗದಲ್ಲಿ ಬರೀ ಒಂದು ಅಡ್ಡಗೆರೆ ಇರುತ್ತದೆ. 200 ಮಾತ್ರ ಸಾಕು ಅಂದರೆ ಆ ಸಾಲುಗಳು ಮಾಯ. `collapse` ಕೂಡ ಒಂದರ ಹಿಂದೊಂದು ಬಂದ ಒಂದೇ ಥರದ ಸಾಲುಗಳನ್ನು ನುಂಗುತ್ತದೆ. ನನಗೆ ಬೇಕಾಗಿದ್ದದ್ದೇ ಅವು.

ಯಾಕೆ ಅಂದರೆ ಬಿಲ್ ಆದ ದಿನದ ಪ್ರತಿ ಯಾರಿಗೂ ಸಿಗುವುದಿಲ್ಲ. ಗ್ಯಾರಂಟಿ ಪುಟಕ್ಕೆ ಫೆಬ್ರುವರಿ ಸುಮಾರಿಗೆ ಒಂದು ಪ್ರತಿ ಇತ್ತು, ಬಿಲ್ಲಾದ ಮೇಲೆ ದೀಪಾವಳಿ ಆಸುಪಾಸಿಗೆ ಇನ್ನೊಂದು. ಎರಡರ ಡೈಜೆಸ್ಟ್ ಒಂದೇ. ಡೈಜೆಸ್ಟ್ ಅಂದರೆ ಪುಟದ ಬೆರಳಚ್ಚು, ಒಳಗೆ ಒಂದು ಅಕ್ಷರ ಬದಲಾದರೂ ಅದು ಬದಲಾಗುತ್ತದೆ. ಬಿಲ್ಲಿನ ಹಿಂದೆಯೂ ಮುಂದೆಯೂ ಅದೇ ಪುಟ ಇತ್ತು ಅಂತಾಯಿತು. ನಡುವೆ ಬದಲಿಸಿ ಮತ್ತೆ ಅಕ್ಷರಶಃ ಹಳೆಯದನ್ನೇ ಹಾಕಿದ್ದರು ಅಂತ ವಾದ ಮಾಡಬಹುದು. ಮಾಡಲಿ, ಆ ಕಥೆ ನಂಬಿಸುವ ಭಾರ ಅವರದು. ಇದರ ಉಲ್ಟಾ ಮಾತ್ರ ನಿಜವಲ್ಲ. ಡೈಜೆಸ್ಟ್ ಬೇರೆ ಬಂತು ಅಂದ ಮಾತ್ರಕ್ಕೆ ಷರತ್ತು ಬದಲಾಯಿತು ಅಂತಲ್ಲ. ಪುಟದ ಕೆಳಗೆ ಎಷ್ಟು ಜನ ನೋಡಿದರು ಅನ್ನುವ ಎಣಿಕೆ ಇದ್ದರೂ ಅದು ಪ್ರತಿ ಸಲ ಬದಲಾಗುತ್ತದೆ.

ಪುಟದಲ್ಲಿ "ಐದು ವರ್ಷ" ಎರಡು ಕಡೆ ಇತ್ತು. ಮೇಲೆ ದೊಡ್ಡ ಚಿನ್ನದ ಬಣ್ಣದ ಬ್ಯಾಡ್ಜ್, ಕೆಳಗೆ ಸಣ್ಣ ಅಕ್ಷರದ ಷರತ್ತು. ಸಾವಕಾರರು ಬ್ಯಾಡ್ಜ್ ನೋಡಿ ಕುಣಿದರು. ನಾನು ಅದನ್ನು ಕೈಬಿಟ್ಟೆ. ಪುಟ ಒಂದು ದಿನದ್ದು, ಅದರೊಳಗಿನ ಚಿತ್ರ ಇನ್ನೊಂದು ದಿನದ್ದು ಆಗಿರಬಹುದು. ಪುಟದ ತಲೆಯ ಮೇಲೆ ವೇಬ್ಯಾಕ್ ಅಂಟಿಸುವ ಪಟ್ಟಿಯಲ್ಲಿ `About this capture` ಒತ್ತಿದರೆ ಪ್ರತಿಯೊಂದು ತುಂಡಿನ ಅಂತರ ತೋರಿಸುತ್ತದೆ. ಬ್ಯಾಡ್ಜ್ ಸುಮಾರು ಒಂದೂವರೆ ವರ್ಷ ಆಮೇಲಿನದು. ಎದುರು ಪಾರ್ಟಿ ಅದನ್ನು ಹಿಡಿದರೆ ಸುಮ್ನೆ ಉಳಿದದ್ದೂ ಅನುಮಾನಕ್ಕೆ ಬೀಳುತ್ತದೆ. ಕೆಳಗಿನ ಬರಹ ಪುಟದ ಎಚ್‌ಟಿಎಂಎಲ್‌ನಲ್ಲೇ ಇತ್ತು, ಅದು ಗಟ್ಟಿ. ಪಟ್ಟಿಯಿಲ್ಲದ ಮೂಲ ಪುಟ ಬೇಕಾದರೆ ತಾರೀಖಿನ ಮುಂದೆ `id_` ಸೇರಿಸಿ:

```
curl -sL "https://web.archive.org/web/20180214id_/http://example.com/contact.html" | grep -i "gst"
```

ಹೀಗೆ ಅರ್ಧ ತಾರೀಖು ಕೊಟ್ಟರೆ ಹತ್ತಿರದ ಪ್ರತಿಗೆ ಜಿಗಿಯುತ್ತದೆ, ಆದ್ದರಿಂದ ಕೊನೆಗೆ ಹದಿನಾಲ್ಕೂ ಅಂಕಿ ಬರೆದಿಟ್ಟುಕೊಳ್ಳಿ. ಪುಟದೊಳಗಿನ ಲಿಂಕ್ ಒತ್ತಿದರೂ ಇದೇ ಗತಿ. 2018ರಲ್ಲಿ ಓದುತ್ತಿದ್ದೇನೆ ಅಂದುಕೊಂಡವರು 2021ಕ್ಕೆ ಹೋಗಿ ಕೂತಿರುತ್ತಾರೆ. ಇನ್ನೊಂದು, ಆ ಗಡಿಯಾರ ಯುಟಿಸಿಯದು. ರಾತ್ರಿ ಎಂಟೂವರೆ ಅಂತಿದ್ದರೆ ನಮ್ಮಲ್ಲಿ ಮರುದಿನ ಬೆಳಗಿನ ಜಾವ ಎರಡು.

ಸಂಪರ್ಕದ ಪುಟದಲ್ಲಿ ಹಳೆಯ ವಿಳಾಸ, ಜಿಎಸ್‌ಟಿ ನಂಬರ್ ಎರಡೂ ಸಿಕ್ಕವು. ಹೊಸ ಸೈಟಿನ ನಂಬರ್ ಪಕ್ಕಕ್ಕಿಟ್ಟೆ. ಮೊದಲೆರಡು ಅಂಕಿ ರಾಜ್ಯ, ಮುಂದಿನ ಹತ್ತು ಅಕ್ಷರ ಪ್ಯಾನ್, ಇದು ನಮ್ಮವರಿಗೆ ಬಾಯಿಪಾಠ. ರಾಜ್ಯ ಒಂದೇ, ಪ್ಯಾನ್ ಬೇರೆ. ಹಳೆಯದರ ನಾಲ್ಕನೇ ಅಕ್ಷರ ಎಫ್, ಅಂದರೆ ಪಾಲುದಾರಿ ಸಂಸ್ಥೆ. ಹೊಸದರದು ಸಿ, ಅಂದರೆ ಕಂಪನಿ. ಬರೀ ಹೆಸರು ಬದಲಾಗಿದ್ದರೆ ಪ್ಯಾನ್ ಅದೇ ಇರುತ್ತಿತ್ತು, ನನ್ನ ಕೆಲಸ ಅಲ್ಲೇ ಮುಗಿಯುತ್ತಿತ್ತು. ಕಾಗದದ ಮೇಲೆ ಅವರು ಹೇಳಿದ್ದು ನಿಜವೇ, ಎರಡೂ ಬೇರೆ. ವಕೀಲರು "ನಾ ಹೇಳಿರ್ಲಿಲ್ಲೇನ್ರಿ" ಅಂದರು.

ನಂಟು ಸಿಕ್ಕಿದ್ದು ಜನ ಬಿಸಾಡುವ ಸಾಲುಗಳಲ್ಲಿ. ಹಳೆಯ ಡೊಮೈನಿಗೆ 2020ರ ಕೊನೆಯಲ್ಲಿ ಒಂದಷ್ಟು ಸಾಲುಗಳ ಸ್ಟೇಟಸ್ 301 ಇತ್ತು. ತೆರೆದರೆ `Got an HTTP 301 response at crawl time` ಅಂತ ಬಂದು, ಕಳಿಸುತ್ತಿರುವ ವಿಳಾಸ ಕಾಣುತ್ತದೆ. ಕಂಡ ತಕ್ಷಣ ಸ್ಕ್ರೀನ್‌ಶಾಟ್ ತೆಗೆಯಿರಿ, ನಿಲ್ಲದೆ ಮುಂದಕ್ಕೆ ಓಡುತ್ತದೆ. ಹಳೆಯ ಸೈಟಿಗೆ ಬಂದವರನ್ನು ನೇರವಾಗಿ ಹೊಸ ಸೈಟಿಗೆ ದಾಟಿಸುತ್ತಿದ್ದರು. ಸಂಬಂಧವೇ ಇಲ್ಲದವರು ಹೀಗೆ ಮಾಡುತ್ತಾರಾ?

ಹೊಸ ಸೈಟಿನ "ನಮ್ಮ ಬಗ್ಗೆ" ಪುಟವನ್ನೂ ಹಿಂದಕ್ಕೆ ತಿರುಗಿಸಿದೆ. ಕ್ಯಾಲೆಂಡರಿನ ಮೇಲಿರುವ `Changes` ಎರಡು ಪ್ರತಿಗಳ ವ್ಯತ್ಯಾಸವನ್ನು ಬಣ್ಣದಲ್ಲಿ ತೋರಿಸುತ್ತದೆ. ಮೊದಲ ವರ್ಷದ ಪ್ರತಿಯಲ್ಲಿ ಹಳೆಯ ಹೆಸರು ಹೇಳಿ "ಹಿಂದೆ ಈ ಹೆಸರಿನಲ್ಲಿ ಹದಿನೈದು ವರ್ಷದ ಸೇವೆ" ಅಂತ ಹೆಮ್ಮೆಯಿಂದ ಬರೆದುಕೊಂಡಿದ್ದರು. ಆಮೇಲಿನ ಪ್ರತಿಯಲ್ಲಿ ಹೆಸರು ಹೋಗಿತ್ತು, ಹದಿನೈದು ವರ್ಷ ಉಳಿದಿತ್ತು. ಕೆಳಗಿದ್ದ ಸಿಐಎನ್‌ನಲ್ಲಿ ನೋಂದಣಿ ವರ್ಷ 2020. ಎರಡು ವರ್ಷದ ಕಂಪನಿಗೆ ಹದಿನೈದು ವರ್ಷದ ಅನುಭವ ಎಲ್ಲಿಂದ ಬಂತು ಅಂತ ಕೇಳಿದರೆ ಸಾಕಲ್ವಾ! ಎರಡು ಸೈಟುಗಳನ್ನು ಒಬ್ಬರೇ ನಡೆಸುತ್ತಿದ್ದರು ಅಂತ ಪುಟದ ಸೋರ್ಸಿನಿಂದ ಹಿಡಿಯುವ ಇನ್ನೊಂದು ದಾರಿಯೂ ಸಿಕ್ಕಿತು. ಅದನ್ನು ಇಲ್ಲಿ ಬರೆಯುವುದಿಲ್ಲ, ಹೊಟ್ಟೆಪಾಡು.

ಪತ್ರ ಹೋಗುವ ಮೊದಲೇ ಹೊಸ ಸೈಟಿನ ಪ್ರತಿ ಪುಟವನ್ನು `Save Page Now`ನಲ್ಲಿ ಹಾಕಿಸಿದ್ದೆ. ಪತ್ರ ತಲುಪಿದ ವಾರದಲ್ಲೇ ಹದಿನೈದು ವರ್ಷವೂ ಮಾಯವಾಯಿತು. ನಮ್ಮ ಹತ್ತಿರ ಇತ್ತು.

ಕೋರ್ಟಿಗೆ ಹೋಗಲಿಲ್ಲ. ಹೋಗಿದ್ದರೆ ಸ್ಕ್ರೀನ್‌ಶಾಟ್ ಒಂದೇ ನಡೆಯುತ್ತಿರಲಿಲ್ಲ. ಆಗ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರ ಬೇಕಿತ್ತು. 2024ರ ಜುಲೈ 1ರಿಂದ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು ಕಲಂ 63, ಅದರಲ್ಲಿ ಹ್ಯಾಶ್ ಕೂಡ ಬರೆಯಬೇಕು. ಅದಕ್ಕೇ ನಾನು ಇಳಿಸಿಕೊಂಡ ಕಡತಗಳಿಗೆಲ್ಲ ಅವತ್ತೇ `sha256sum` ತೆಗೆದಿಡುತ್ತೇನೆ. ಇಂಟರ್ನೆಟ್ ಆರ್ಕೈವ್‌ನವರೂ ಅಫಿಡವಿಟ್ ಕೊಡುತ್ತಾರೆ, ಶುಲ್ಕ ಡಾಲರಿನಲ್ಲಿ. ಆ ಮಾತು ಎತ್ತಿದಾಗ ಸಾವಕಾರರ ಮುಖ ಸಣ್ಣದಾಯಿತು.

ಲಿಂಕುಗಳಿದ್ದ ಪತ್ರ ಹೋದ ಮೇಲೆ ಅವರೇ ಫೋನ್ ಮಾಡಿದರು. ವಾಲ್ವ್‌ಗಳು ಪುಕ್ಕಟೆ, ಇಂಜಿನಿಯರ್ ಬಂದುಹೋಗುವ ಖರ್ಚು, ಲಾಡ್ಜ್ ಮಿಲ್ಲಿನವರದು, ಹನ್ನೆರಡು ಸಾವಿರದ ಒಳಗೆ ಮುಗಿಯಿತು. ನನಗೆ ಎಂಟು ಸಾವಿರ ಮತ್ತು ಒಂದು ಚೀಲ ತೊಗರಿಬೇಳೆ. ಈಗ ಅದೇ ವಕೀಲರು ತಮ್ಮ ಕಕ್ಷಿದಾರರನ್ನು ನನ್ನ ಹತ್ತಿರ ಕಳಿಸುತ್ತಾರೆ.

ಒಂದು ಪಕ್ಕದ ಪ್ರಯೋಗವನ್ನೂ ಹೇಳಿಬಿಡುತ್ತೇನೆ. ನಮ್ಮ ಊರಿನ ಹಳೆಯ ಅಡ್ತಿ, ಡೀಲರ್ ಪುಟಗಳನ್ನು ಇಳಿಸಿಕೊಂಡು ವಿಳಾಸ ಹುಡುಕುವಾಗ ಗುಲ್ಬರ್ಗ, ಕಲಬುರಗಿ ಎರಡೂ ಹಾಕಿ ನೋಡಿದೆ. ಊರಿನ ಹೆಸರು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ಕ್ಕೆ. ತಾರೀಖಿಲ್ಲದ ಬ್ರೋಷರಿನಲ್ಲಿ ಕಲಬುರಗಿ ಅಂತಿದ್ದರೆ ಅದು ಬಹುಶಃ ಆಮೇಲಿನದು ಅನ್ನಬಹುದು. ಗುಲ್ಬರ್ಗ ಅಂತಿದ್ದರೆ ಏನೂ ಹೇಳಲಾಗದು, ಇವತ್ತಿಗೂ ಹಾಗೇ ಬರೆಯುವವರಿದ್ದಾರೆ. 08472 ಜೊತೆಗಿನ ಲ್ಯಾಂಡ್‌ಲೈನ್ ನಂಬರ್ ಇದಕ್ಕಿಂತ ಜಾಸ್ತಿ ಕೆಲಸಕ್ಕೆ ಬಂತು. ಅಂಗಡಿಯ ಹೆಸರು ಬದಲಾದರೂ ಫೋನ್ ಅದೇ ಇರುತ್ತಿತ್ತು. ಒಟ್ಟಿಗೆ ಬಹಳ ಪುಟ ಎಳೆಯಬೇಡಿ, ಆರ್ಕೈವ್ ಸ್ವಲ್ಪ ಹೊತ್ತು ಬಾಗಿಲು ಹಾಕುತ್ತದೆ. ನಡುವೆ ಹತ್ತು ಸೆಕೆಂಡ್ ಬಿಟ್ಟರೆ ನನಗೆ ತೊಂದರೆ ಆಗಿಲ್ಲ.

ಯಾದಗಿರಿಯ ಗೆಳೆಯನ ಪ್ರಕರಣ ಮಾತ್ರ ಈ ದಾರಿಯಲ್ಲಿ ಆಗಲಿಲ್ಲ. ಜಿನ್ನಿಂಗ್ ಮಷೀನಿನವರ ಡೊಮೈನ್ ಹಾಕಿದರೆ `This URL has been excluded from the Wayback Machine` ಅಂತ ಬಂತು. ಮಾಲೀಕರು ಕೇಳಿಕೊಂಡರೆ ಹೀಗೆ ತೆಗೆಯುತ್ತಾರೆ. ಅವರ ಸೈಟ್ ಹೋಯಿತು, ಆದರೆ ಅವರ ಜಾಹೀರಾತು ಹಾಕಿದ್ದ ಬೇರೆಯವರ ಡೈರೆಕ್ಟರಿ ಪುಟಗಳು ಆರ್ಕೈವ್‌ನಲ್ಲಿ ಹಾಗೇ ಇವೆ. ಹಳೆಯ ಹೆಸರು, ವಿಳಾಸ ಅಲ್ಲಿಂದ ಸಿಕ್ಕವು. ಗ್ಯಾರಂಟಿ ಬಗ್ಗೆ ಬರೆದದ್ದು ಇನ್ನೂ ಸಿಕ್ಕಿಲ್ಲ.