ಪ್ಯಾರಾ ದಾಳಿ ಗೆಲ್ಲುತ್ತದೋ ಇಲ್ಲವೋ: ಮ್ಯಾಪ್ ಮೇಲೆ ಅಳೆಯುವುದು ಹೇಗೆ?

ಡಿಸೆಂಬರ್ ಬಂತೆಂದರೆ ಪುಣೆಯ ಘೋರ್ಪಡಿ ಬಳಿಯ ಯುದ್ಧ ಸ್ಮಾರಕಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವ ಕನ್ನಡ ಮನೆಗಳು ನಮ್ಮ ಬಡಾವಣೆಯಲ್ಲೇ ಹಲವು ಇವೆ. 1971ರ ಯುದ್ಧದ ಮಾತು ಬರುತ್ತದೆ, ನಮ್ಮ ಸೈನಿಕರು ಜಿಗಿದ ಇಂದಿನ ಬಾಂಗ್ಲಾದೇಶದ ಟಾಂಗಾಯಿಲ್ ಹೆಸರು ಬರುತ್ತದೆ. ಆಕಾಶದ ತುಂಬ ಪ್ಯಾರಾಚೂಟ್ ಅಂದರೆ ಮಕ್ಕಳಿಗೆ ಅಷ್ಟೇ ಸಾಕು. ಆದರೆ ಅಂಥ ದಾಳಿ ಗೆಲ್ಲುತ್ತದೋ ಮುಳುಗುತ್ತದೋ ಅನ್ನುವುದನ್ನು ಮನೆಯಲ್ಲೇ ಕೂತು ಬಹುಮಟ್ಟಿಗೆ ಲೆಕ್ಕ ಹಾಕಬಹುದು. ಒಂದು ಮ್ಯಾಪ್, ಒಂದು ಸ್ಕೇಲ್, ಪೆನ್ಸಿಲ್ ಇದ್ದರೆ ಸಾಕು.

ಮೊದಲು ನೆಲದ ಸೈನ್ಯವನ್ನು ಗುರುತು ಹಾಕಿ

ಎಲ್ಲರೂ ಮೊದಲು ಹುಡುಕುವುದು ಜಿಗಿಯುವವರು ಎಲ್ಲಿ ಇಳಿದರು ಎಂದು. ಅದನ್ನು ಆಮೇಲೆ ನೋಡೋಣ. ಮೊದಲ ಗುರುತು ಅವರ ಹತ್ತಿರ ರಸ್ತೆಯಲ್ಲಿ ಬಂದು ಸೇರಬೇಕಾದ ಪಡೆಯದ್ದು. ನಮ್ಮ ಪಕ್ಕದ ಬಿಲ್ಡಿಂಗ್‌ನಲ್ಲಿ ಬೆಳಗಾವಿ ಕಡೆಯ ನಿವೃತ್ತ ಸುಬೇದಾರ್ ಒಬ್ಬರಿದ್ದಾರೆ, ನಾವೆಲ್ಲ ಕಾಕಾ ಅನ್ನುತ್ತೇವೆ. ಅವರು ಹೇಳುವುದು ಹೀಗೆ: ‘ತಮ್ಮಾ, ಜಿಗ್ಯೂದು ದೊಡ್ಡ ಮಾತಲ್ಲ. ಕೆಳಗ ಇಳದ ಮ್ಯಾಲ ಯಾರು ಬರ್ತಾರ, ಯಾವಾಗ ಬರ್ತಾರ, ಅದನ್ನ ಕೇಳು.’

ಟಾಂಗಾಯಿಲ್‌ನಲ್ಲಿ ಇದಕ್ಕೆ ಉತ್ತರ ಸ್ಪಷ್ಟವಾಗಿತ್ತು. ಉತ್ತರದ ಜಮಾಲ್‌ಪುರ, ಮೈಮನ್‌ಸಿಂಗ್ ಕಡೆಯಿಂದ ಪಾಕಿಸ್ತಾನದ ಒಂದು ಬ್ರಿಗೇಡ್ ಢಾಕಾಕ್ಕೆ ಹಿಂದೆ ಸರಿಯುವುದರಲ್ಲಿತ್ತು. ದಾರಿಯಲ್ಲಿ ಲೋಹಜಂಗ್ ನದಿ, ಅದರ ಮೇಲೆ ಪೂಂಗ್ಲಿ ಸೇತುವೆ. ಅದನ್ನು ಹಿಡಿದರೆ ಹಿಂದೆ ಸರಿಯುವವರ ದಾರಿ ಕಟ್ಟಾಗುತ್ತದೆ. ಡಿಸೆಂಬರ್ 11ರ ಬೆಳಿಗ್ಗೆ ಜಮಾಲ್‌ಪುರ ಬಿತ್ತು. ಅದೇ ದಿನ ಸಂಜೆ 2 ಪ್ಯಾರಾ ಎಂಬ ನಮ್ಮ ಬೆಟಾಲಿಯನ್ ಟಾಂಗಾಯಿಲ್ ಬಳಿ ಇಳಿಯಿತು. ಜಮಾಲ್‌ಪುರದಿಂದ ಟಾಂಗಾಯಿಲ್‌ಗೆ 70 ಕಿ.ಮೀ.ಗೂ ಜಾಸ್ತಿ. ಅಷ್ಟು ದೂರದಿಂದ ರಸ್ತೆಯಲ್ಲಿ ದಕ್ಷಿಣಕ್ಕೆ ಬರುತ್ತಿದ್ದ ನಮ್ಮ ಪಡೆಯಲ್ಲಿ ಮುಂದಿದ್ದದ್ದು ಮರಾಠಾ ಲೈಟ್ ಇನ್‌ಫೆಂಟ್ರಿಯ 1ನೇ ಬೆಟಾಲಿಯನ್. ಎದುರಾಳಿಯ ದೊಡ್ಡ ಗಂಟು ಬಿಚ್ಚಿದ ಮೇಲೆಯೇ ಜಿಗಿದರು ಅನ್ನುವುದನ್ನು ಗಮನಿಸಿ. ಒಂದೆರಡು ದಿನ ಮೊದಲೇ ಜಿಗಿದಿದ್ದರೆ ಕಥೆ ಬೇರೆಯೇ ಆಗುತ್ತಿತ್ತೇನೋ.

ಆಮೇಲೆ ವಿಮಾನ ಎಣಿಸಿ

ಒಂದು ಆನ್-12 ವಿಮಾನದಲ್ಲಿ ಸುಮಾರು 60 ಜನ ಜಿಗಿಯಬಹುದು. ಡಕೋಟಾದಲ್ಲಿ 20ರ ಆಸುಪಾಸು. ಟಾಂಗಾಯಿಲ್‌ನಲ್ಲಿ ಇಳಿದವರು 700ಕ್ಕೂ ಮೇಲೆ. ಬರೀ ಜನರಾದರೆ ಲೆಕ್ಕ ಸುಲಭ. ಆದರೆ ತೋಪು, ಜೀಪು, ಮದ್ದುಗುಂಡು ಎಲ್ಲ ಆಕಾಶದಿಂದಲೇ ಬರಬೇಕು. ಹಾಗಾಗಿ ಆನ್-12, ಪ್ಯಾಕೆಟ್, ಕ್ಯಾರಿಬೂ, ಡಕೋಟಾ ಎಲ್ಲ ಸೇರಿ ಸುಮಾರು 50 ವಿಮಾನ ಹಾರಿದವು. ಒಂದೇ ಒಂದು ಬೆಟಾಲಿಯನ್‌ಗೆ!

ವಿಮಾನ ಸಾಲದಿದ್ದರೆ ಸೈನ್ಯವನ್ನು ಕಂತಿನಲ್ಲಿ ಇಳಿಸಬೇಕಾಗುತ್ತದೆ. ಮೊದಲ ಕಂತಿನವರಲ್ಲಿ ಅರ್ಧ ಜನ ಗುರಿಯ ಕಡೆ ಓಡುವ ಬದಲು, ಮುಂದಿನ ಕಂತು ಇಳಿಯುವ ಬಯಲನ್ನು ಕಾಯುತ್ತ ನಿಲ್ಲುತ್ತಾರೆ. ನಾಳೆ ಮಂಜು ಬಿದ್ದರೆ ಅದೂ ತಡ. ಈ ಅಪಾಯ ಫೋಟೋದಲ್ಲಿ ಕಾಣುವುದೇ ಇಲ್ಲ.

ಚದುರುವುದನ್ನು ಲೆಕ್ಕ ಹಾಕಿ

ವಿಮಾನ ಗಂಟೆಗೆ 200 ಕಿ.ಮೀ. ವೇಗದಲ್ಲಿ ಹೋಗುತ್ತಿದೆ ಅಂದುಕೊಳ್ಳಿ. ಅಂದರೆ ಸೆಕೆಂಡಿಗೆ ಸುಮಾರು 55 ಮೀಟರ್. ಸೆಕೆಂಡಿಗೆ ಒಬ್ಬರಂತೆ 20 ಜನ ಜಿಗಿದರೆ ಮೊದಲನೆಯವನಿಗೂ ಕೊನೆಯವನಿಗೂ ನಡುವೆ ಒಂದು ಕಿಲೋಮೀಟರ್ ಅಂತರ. ಸುಮಾರು 300 ಮೀಟರ್ ಎತ್ತರದಿಂದ ಇಳಿಯಲು ಒಂದು ನಿಮಿಷದ ಹತ್ತಿರ ಬೇಕು. ಅಷ್ಟರಲ್ಲಿ ಸೆಕೆಂಡಿಗೆ 5 ಮೀಟರ್ ಬೀಸುವ ಸಾಧಾರಣ ಗಾಳಿಯೂ 250 ಮೀಟರ್‌ಗಿಂತ ಆಚೆ ತಳ್ಳುತ್ತದೆ. ಇದು ಎಲ್ಲವೂ ಸರಿಯಾಗಿ ನಡೆದಾಗಿನ ಲೆಕ್ಕ. ಬಾಗಿಲಲ್ಲಿ ಒಬ್ಬ ತಡೆದರೆ, ಪೈಲಟ್ ಅರ್ಧ ನಿಮಿಷ ತಪ್ಪಿದರೆ, ಇಡೀ ಸಾಲು ಬೇರೆ ಊರಿನ ಗದ್ದೆಗೇ ಹೋಗುತ್ತದೆ.

ಟಾಂಗಾಯಿಲ್‌ನಲ್ಲೂ ಕೆಲವರು ದೂರ ಬಿದ್ದರು. ಇಳಿದದ್ದು ಸಂಜೆ ನಾಲ್ಕೂವರೆ ಸುಮಾರಿಗೆ. ಚಳಿಗಾಲ, ಬೇಗ ಕತ್ತಲು. ಆದರೆ ಆ ಪ್ರದೇಶ ಬಾಂಗ್ಲಾ ಸ್ವಾತಂತ್ರ್ಯಕ್ಕೆ ಹೋರಾಡುತ್ತಿದ್ದ ಮುಕ್ತಿ ಬಾಹಿನಿಯ ಕಾದರ್ ಸಿದ್ದಿಕಿ ಅವರ ಹಿಡಿತದಲ್ಲಿತ್ತು, ಊರಿನ ಜನರೇ ಬಂದು ಸಾಮಾನು ಹೊತ್ತರು. ಲೆಫ್ಟಿನೆಂಟ್ ಕರ್ನಲ್ ಕುಲ್ವಂತ್ ಸಿಂಗ್ ಪನ್ನು ಅವರ ಬೆಟಾಲಿಯನ್ ಅಂದು ರಾತ್ರಿಯೇ ಸೇತುವೆ ಹಿಡಿಯಿತು. ಕೆಳಗಿನ ಜನ ನಮ್ಮವರೋ ಅಲ್ಲವೋ ಅನ್ನುವುದನ್ನೂ ಮ್ಯಾಪ್ ಮೇಲೆ ಬರೆದುಕೊಳ್ಳಿ. ಪುಸ್ತಕಗಳು ಇದಕ್ಕೆ ಕೊಡುವ ಜಾಗ ಕಡಿಮೆ ಅನ್ನುವುದು ನನ್ನ ಅಭಿಪ್ರಾಯ.

ಈಗ ಗಡಿಯಾರ ಹಿಡಿಯಿರಿ

ಪ್ಯಾರಾಟ್ರೂಪರ್ ಹತ್ತಿರ ಇರುವುದು ಹೊತ್ತು ತಂದಷ್ಟೇ. ರೈಫಲ್, ಮೆಷಿನ್ ಗನ್, ಮಾರ್ಟರ್, ಕೆಲವು ಹಗುರ ತೋಪು. ಟ್ಯಾಂಕ್ ಇಲ್ಲ, ಲಾರಿಗಳಿಲ್ಲ, ಗಾಯಗೊಂಡವರನ್ನು ಹಿಂದಕ್ಕೆ ಕಳಿಸಲು ‘ಹಿಂದೆ’ ಅನ್ನುವುದೇ ಇಲ್ಲ. ಮೊದಲ ಕೆಲವು ಗಂಟೆ ಶತ್ರುವಿಗೆ ಗಾಬರಿ. ಆಮೇಲೆ ಅವನು ತೋಪು, ಟ್ಯಾಂಕ್ ತರುತ್ತಾನೆ. ದಿನ ಕಳೆದಂತೆ ಅವನ ಬಲ ಹೆಚ್ಚುತ್ತದೆ, ಇವರ ಗುಂಡು ಕರಗುತ್ತದೆ. ಈ ಎರಡು ಗೆರೆ ಒಂದನ್ನೊಂದು ದಾಟುವ ಮೊದಲು ನೆಲದ ಸೈನ್ಯ ಬಂದು ಸೇರಬೇಕು. ಇದೇ ಲಿಂಕ್-ಅಪ್.

ಪೂಂಗ್ಲಿಯಲ್ಲಿ ರಾತ್ರಿಯೆಲ್ಲ ಕಾದಾಟ ನಡೆಯಿತು. ಹಿಂದೆ ಸರಿಯುತ್ತಿದ್ದವರು ದಾರಿ ಬಿಡಿಸಿಕೊಳ್ಳಲು ಮೇಲೆ ಬಿದ್ದರು. 12ರ ಸಂಜೆಗೆ ಮರಾಠಾ ಪಡೆ ಬಂದು ಸೇರಿತು. ಸರಿಸುಮಾರು 24 ಗಂಟೆ. ತಮಾಷೆ ಅಂದರೆ, 2 ಪ್ಯಾರಾ ಕೂಡ ಹಿಂದೆ ಮರಾಠಾ ರೆಜಿಮೆಂಟಿನ 3ನೇ ಬೆಟಾಲಿಯನ್ ಆಗಿತ್ತು. ಬೆಳಗಾವಿಯಲ್ಲಿ ಕೇಂದ್ರ ಇರುವ ರೆಜಿಮೆಂಟಿನ ಅಣ್ಣತಮ್ಮಂದಿರೇ ಅಲ್ಲಿ ಕೈಕುಲುಕಿದರು.

ಇದೇ ಲೆಕ್ಕವನ್ನು ಈಗ ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಹಿಡಿತದಲ್ಲಿದ್ದ, 1944ರ ಸೆಪ್ಟೆಂಬರ್‌ನ ಹಾಲೆಂಡಿಗೆ ಹಾಕಿ ನೋಡಿ. ಅಲ್ಲಿನ ಆರ್ನೆಮ್ ಊರಿನ ಸೇತುವೆ ತಲುಪಲು ಬ್ರಿಟಿಷರ ನೆಲದ ಸೈನ್ಯ ಸುಮಾರು 100 ಕಿ.ಮೀ. ಬರಬೇಕಿತ್ತು, ಹೆಚ್ಚುಕಡಿಮೆ ಪುಣೆಯಿಂದ ಸಾತಾರಾ ದೂರ. ಅದೂ ಒಂದೇ ಒಂದು ರಸ್ತೆ, ನಡುವೆ ಹಲವು ಸೇತುವೆ. ಒಂದನ್ನು ಜರ್ಮನ್ನರು ಉಡಾಯಿಸಿದರು, ಬದಲಿ ಸೇತುವೆ ಕಟ್ಟುವಷ್ಟರಲ್ಲಿ ಒಂದು ರಾತ್ರಿ ಹೋಯಿತು. ಬ್ರಿಟಿಷ್ ಪ್ಯಾರಾ ಡಿವಿಷನ್ ಮೂರು ದಿನದ ಕಂತಿನಲ್ಲಿ ಬಂತು. ಎರಡನೇ ದಿನದ ವಿಮಾನಗಳು ಮಂಜಿನಿಂದ ತಡವಾದವು. ಇಳಿದ ಬಯಲು ಸೇತುವೆಯಿಂದ 10 ಕಿ.ಮೀ.ಗೂ ಆಚೆ. ರೇಡಿಯೋ ಸರಿಯಾಗಿ ಮಾತಾಡಲಿಲ್ಲ. ಹತ್ತಿರದಲ್ಲೇ ಜರ್ಮನ್ನರ ಎರಡು ಎಸ್‌ಎಸ್ ಪ್ಯಾಂಜರ್ ಡಿವಿಷನ್‌ಗಳು, ಅಂದರೆ ಟ್ಯಾಂಕ್ ಪಡೆಗಳು, ಇದ್ದವು.

ಸೇತುವೆ ತನಕ ತಲುಪಿದ್ದು ಜಾನ್ ಫ್ರಾಸ್ಟ್ ಅವರ ಕೈಕೆಳಗಿನ ಸುಮಾರು 740 ಜನ ಮಾತ್ರ. ಟಾಂಗಾಯಿಲ್‌ನಲ್ಲಿ ಇಳಿದಷ್ಟೇ ಜನ, ಅಲ್ವಾ? ಧೈರ್ಯದಲ್ಲೂ ಕಡಿಮೆ ಇರಲಿಲ್ಲ. 17ರ ರಾತ್ರಿಯಿಂದ 21ರ ಬೆಳಗಿನ ಜಾವದವರೆಗೆ ಸೇತುವೆಯ ಉತ್ತರ ತುದಿಯನ್ನು ಬಿಡಲಿಲ್ಲ. ನೆಲದ ಸೈನ್ಯ ದಾರಿಯಲ್ಲಿದ್ದ ನೈಮೇಗನ್ ಸೇತುವೆ ಹಿಡಿದದ್ದೇ 20ರ ಸಂಜೆ. ಉಳಿದದ್ದು 17 ಕಿ.ಮೀ. ಅದನ್ನು ದಾಟಲು ಆಗಲೇ ಇಲ್ಲ. ಡಿವಿಷನ್ನಿನ ಸುಮಾರು 10,000 ಜನರಲ್ಲಿ ಕೊನೆಗೆ ರಾತ್ರಿ ನದಿ ದಾಟಿ ಹಿಂದೆ ಬಂದವರು 2,400ರ ಆಸುಪಾಸು.

ಹೊಸ ಸುದ್ದಿಗೂ ಇದೇ ಪ್ರಶ್ನೆ

ಹೆಲಿಕಾಪ್ಟರ್ ಬಂದ ಮೇಲೆ ಚದುರುವ ಸಮಸ್ಯೆ ಬಹಳ ಕಡಿಮೆಯಾಯಿತು, ಕಾಯುವ ಸಮಸ್ಯೆ ಹಾಗೇ ಉಳಿಯಿತು. 2022ರ ಫೆಬ್ರವರಿ 24ರಂದು ರಷ್ಯಾದ ಪಡೆ ಹೆಲಿಕಾಪ್ಟರ್‌ಗಳಲ್ಲಿ ಕೀವ್ ಬಳಿಯ ಹೊಸ್ಟೊಮೆಲ್ ವಿಮಾನ ನಿಲ್ದಾಣದಲ್ಲಿ ಇಳಿಯಿತು. ರನ್‌ವೇ ಹಿಡಿದರೆ ದೊಡ್ಡ ಸಾಗಾಣಿಕೆ ವಿಮಾನಗಳಲ್ಲಿ ಹಿಂದಿನಿಂದ ಸೈನ್ಯ ಬರಬೇಕಿತ್ತು. ಉಕ್ರೇನಿನ ತೋಪುಗಳು ಅದಕ್ಕೆ ಬಿಡಲಿಲ್ಲ, ಅಂದೇ ಪ್ರತಿದಾಳಿಯೂ ಆಯಿತು. ಬೆಲಾರೂಸ್ ಕಡೆಯಿಂದ ರಸ್ತೆಯಲ್ಲಿ ಬಂದ ಪಡೆ ಮರುದಿನ ಸೇರಿಕೊಂಡಿತು. ಗಡಿಯಾರದ ಲೆಕ್ಕದಲ್ಲಿ ಟಾಂಗಾಯಿಲ್‌ನಷ್ಟೇ ಬೇಗ. ಆದರೆ ಅಷ್ಟರಲ್ಲಿ ರನ್‌ವೇ ವಿಮಾನ ಇಳಿಯುವ ಸ್ಥಿತಿಯಲ್ಲಿರಲಿಲ್ಲ, ಹಿಡಿದ ಜಾಗದಿಂದ ಆಗಬೇಕಾದ ಉಪಯೋಗ ಆಗಲಿಲ್ಲ. ಹಾಗಾಗಿ ಮ್ಯಾಪ್ ಮೇಲೆ ಎರಡು ಗೆರೆ ಎಳೆಯಿರಿ: ರಸ್ತೆಯಲ್ಲಿ ಬರುವವರದ್ದೊಂದು, ವಿಮಾನದಲ್ಲಿ ಬರುವವರದ್ದೊಂದು. ಯೋಜನೆ ನಿಂತಿರುವುದು ಇದರಲ್ಲಿ ಯಾವುದರ ಮೇಲೆ ಎಂದು ಗುರುತಿಸಿ, ಆ ಗೆರೆಗೆ ಗಂಟೆ ಬರೆಯಿರಿ.